ನಿಮ್ಮ ಹೆಸರು ಹೇಳಿ ಬಂದಿದ್ರು

ಹೋದ ವರ್ಷ ದೀಪಾವಳಿ ಕಳೆದು ಒಂದು ವಾರಕ್ಕೆ ಒಬ್ಬ ಹೆಂಗಸು ನಮ್ಮ ಮನೆಯ ಕಟ್ಟೆಯ ಮೇಲೆ ದೊಡ್ಡದೊಂದು ಗಂಟು ಇಟ್ಟು, "ಕೌದಿ ಹೊಲೀತಾರಂತಲ್ಲ, ಇದೇ ಮನಿ ಏನ್ರಿ?" ಎಂದು ಕೇಳಿದರು. ಅವ್ವ ಕುಡಿಯಲು ನೀರು ಕೊಟ್ಟು, ಕೂಡಿಸಿ, ಮೊದಲು ಕೇಳಿದ್ದು ಗಂಟಿನೊಳಗೆ ಏನಿದೆ ಎಂದಲ್ಲ. "ಯಾರು ಹೇಳಿದ್ರು ನಿಮಗ?" ಎಂದು. ಧಾರವಾಡದ ಅಕ್ಕೋರು ಹೇಳಿದರು ಎಂದು ಉತ್ತರ ಬಂತು. ಅಕ್ಕೋರು ಅಂದರೆ ನನಗೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಮಗನ ಊರಿಗೆ ಹೋಗಿದ್ದಾರೆ. ಹೋಗುವಾಗ ಅವ್ವ ಹೊಲಿದ ಒಂದು ಕೌದಿಯನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಹೋಗಿದ್ದರು.

ಮುನಿರಾಬಾದಿನಂಥ ಊರಿನಲ್ಲಿ ಗಿರಾಕಿಗಳು ಹೀಗೇ ಬರುವುದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ತಿಯಾಗುವ ಮೊದಲೇ ಇಲ್ಲಿ ಕಾಲನಿ ಎದ್ದಿತ್ತು. ಆಗ ಈ ದಂಡೆ ನಿಜಾಮನ ಸೀಮೆ, ಆ ದಂಡೆ ಮದ್ರಾಸಿನದು. ಎಲ್ಲೆಲ್ಲಿಂದಲೋ ನೌಕರರು ಬಂದರು, ಇದ್ದರು, ವರ್ಗವಾಗಿ ಹೋದರು. ಇಂದಿಗೂ ನೀರಾವರಿಯವರು, ಕರೆಂಟಿನವರು, ಮಾಸ್ತರರು ಬರುತ್ತಾರೆ, ಹೋಗುತ್ತಾರೆ. ಹೋದವರು ಹೋದ ಊರುಗಳಲ್ಲಿ ನಮ್ಮ ಸುದ್ದಿ ಹೇಳುತ್ತಿರುತ್ತಾರೆ. ಅವ್ವನಿಗೆ ಬೋರ್ಡಿಲ್ಲ, ಅಂಗಡಿಯಿಲ್ಲ. ಅವಳಿಗಿರುವುದು ಹೀಗೆ ಎದ್ದುಹೋದವರ ಬಾಯಿ ಮಾತ್ರ.

ಆ ದಿನ ಸಂಜೆಯೇ ಅವ್ವ ನನ್ನ ಕೈಯಿಂದ ಅಕ್ಕೋರಿಗೆ ಫೋನು ಹಚ್ಚಿಸಿದಳು. "ನಿಮ್ಮ ಹೆಸರು ಹೇಳಿ ಬಂದಿದ್ರುರಿ ಅಕ್ಕೋರ. ಕೆಲಸ ಒಪ್ಪಿಕೊಂಡೇನಿ. ಸಂಕ್ರಾಂತಿಗೆ ಕೊಡ್ತೀನಿ ಅಂದೇನಿ." ಇಷ್ಟೇ. ಅರ್ಧ ನಿಮಿಷ. ಕೆಲಸ ಮುಗಿದ ಮೇಲೆ ಒಂದೇ ಸಲ ಹೇಳಿದರೆ ಆಗದೇ ಎಂದು ಕೇಳಿದ್ದಕ್ಕೆ ಅವಳು, "ಆಕಿ ಮುಟ್ಟಿದ್ಲೋ ಇಲ್ಲೋ ಅಂತ ಅವರಿಗೆ ಹೆಂಗ ಗೊತ್ತಾಗಬೇಕು?" ಎಂದಳು. ಹೆಸರು ಕೊಟ್ಟವರಿಗೆ ಎರಡು ಸುದ್ದಿ ಬೇಕು. ಬಂದರು ಎಂಬುದು ಒಂದು, ಏನಾಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ಅವ್ವ ತಾನೇ ಹೇಳಿದಳು. ಎರಡನೆಯದನ್ನು ನನಗೆ ಬಿಟ್ಟಳು. ತಪ್ಪಾದದ್ದು ಅಲ್ಲಿ.

ಗಂಟಿನಲ್ಲಿ ಒಂಬತ್ತು ಹಳೆಯ ಸೀರೆಗಳಿದ್ದವು. ಕೌದಿಗೆ ನೂಲಿನ ಸೀರೆಯೇ ಆಗಬೇಕು, ಅದೂ ಉಟ್ಟು ಒಗೆದು ಮೆತ್ತಗಾದದ್ದು. ನೈಲಾನು, ಪಾಲಿಸ್ಟರ್ ಸೇರಿಸಿದರೆ ಪದರು ಒಂದರ ಮೇಲೊಂದು ಜಾರುತ್ತದೆ, ಹೊಲಿಗೆ ಎಷ್ಟೇ ಬಿಗಿಯಾಗಿದ್ದರೂ ವರ್ಷದೊಳಗೆ ಒಳಗಿನ ಬಟ್ಟೆ ಮುದ್ದೆಯಾಗಿ ಒಂದು ಮೂಲೆಗೆ ಕೂಡುತ್ತದೆ. ಹಾಗಾಗಿ ಅವ್ವ ಎರಡನ್ನು ಆಗಲೇ ತೆಗೆದು ವಾಪಸು ಕೊಟ್ಟಳು. ಉಳಿದ ಏಳರಲ್ಲಿ ಎರಡು ತಳಕ್ಕೆ, ಮೂರು ಹೊಟ್ಟೆಗೆ, ಎರಡು ಮೇಲಿನ ತುಂಡುಗಳಿಗೆ. ದರ ಮೂರು ಸಾವಿರ, ಮುಂಗಡ ಒಂದು ಸಾವಿರ.

ಹಳೆಯ ಬಟ್ಟೆಯಾದರೂ ಬಣ್ಣದ ಪರೀಕ್ಷೆ ಮಾಡಲೇಬೇಕು. ಸೀರೆಯ ಒಂದು ಚುಂಗನ್ನು ನೀರಿನಲ್ಲಿ ನೆನೆಸಿ, ಬಿಳಿ ಅರಿವೆಯ ಮೇಲಿಟ್ಟು ಹೆಬ್ಬೆರಳಿನಿಂದ ಉಜ್ಜುವುದು. ಬಣ್ಣ ಹತ್ತಿದರೆ ಆ ಸೀರೆ ಹೊಟ್ಟೆಗೂ ಇಲ್ಲ, ಮೇಲಕ್ಕೂ ಇಲ್ಲ. ಅಂದು ಉಜ್ಜಿದವಳು ನಾನೇ. ಏಳೂ ಸೀರೆಗಳ ಒಡಲನ್ನು ಉಜ್ಜಿದೆ. ಒಂದು ಇಳಕಲ್ಲಿನದಿತ್ತು. ಅದರ ಒಡಲು ನೂಲಿನದು, ಸೆರಗಿನ ಕೆಂಪು ಬೇರೆ ಎಳೆಯದು, ಬೇರೆ ಬಣ್ಣ ಕುಡಿದದ್ದು. ಸೆರಗನ್ನು ಬೇರೆಯಾಗಿ ಉಜ್ಜಬೇಕು ಎಂಬುದು ನನಗೆ ತೋಚಲಿಲ್ಲ. ಅವ್ವನೂ ಕೇಳಲಿಲ್ಲ. ಓದಿದ ಮಗಳು ಎಂಬ ನಂಬಿಕೆ ಇರಬೇಕು.

ಅವ್ವ ಅಂಚಿನಿಂದ ಶುರು ಮಾಡಿ ಬೆರಳಗಲ ಬಿಟ್ಟು ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಾಳೆ. ನಡುವೆ ಸೇರುವ ಹೊತ್ತಿಗೆ ಕೌದಿ ಮುಗಿದಿರುತ್ತದೆ. ದಿನಕ್ಕೆ ಮೂರು ತಾಸು ಕೂತರೂ ತಿಂಗಳ ಮೇಲೆ ಹಿಡಿಯಿತು. ಸಂಕ್ರಾಂತಿಗೆ ಎರಡು ದಿನ ಮುಂಚೆ ಗಿರಾಕಿ ಬಂದು, ಹಾಸಿ ನೋಡಿ, ಬಾಕಿ ಎರಡು ಸಾವಿರದಲ್ಲಿ ಒಂದೂವರೆ ಕೊಟ್ಟು, ಉಳಿದದ್ದು ಮುಂದಿನ ವಾರ ಎಂದು ಒಯ್ದರು. "ಅಕ್ಕೋರಿಗೆ ಹೇಳಿಬಿಡವಾ" ಎಂದು ಅವ್ವ ನನಗೆ ಹೇಳಿದಳು. ಹೇಳ್ತೀನಿ ಎಂದೆ. ನನಗೆ ಅಧ್ಯಾಯವೊಂದನ್ನು ಮಾರ್ಗದರ್ಶಕರಿಗೆ ಕೊಡುವುದಿತ್ತು. ಜೊತೆಗೆ, ಒಂದು ಚೆಂದದ ಪತ್ರ ಬರೆಯೋಣ ಎಂಬ ಆಸೆ. ಚೆಂದದ ಪತ್ರಕ್ಕೆ ಕಾಯುತ್ತ ಹದಿನೆಂಟು ದಿನ ಕಳೆದವು.

ಹತ್ತೊಂಬತ್ತನೆಯ ದಿನ ಅಕ್ಕೋರೇ ಫೋನು ಮಾಡಿದರು. ದನಿ ನೆಟ್ಟಗಿತ್ತು. "ಕೌದಿ ಒಗದ ಮ್ಯಾಲೆ ಕೆಂಪು ಹರದೈತಂತಲ್ಲ. ಆಕಿ ನನಗ ಹೇಳಿದ್ಲು. ನನಗೇನೂ ಗೊತ್ತಿರಲಿಲ್ಲ. ಕೊಟ್ಟಿದ್ದೂ ಗೊತ್ತಿರಲಿಲ್ಲ." ಆಮೇಲೆ ಸ್ವಲ್ಪ ತಡೆದು, "ನನಗೊಂದು ಮಾತು ಹೇಳಬಾರದಿತ್ತೇನು?" ಎಂದರು.

ನಮಗೂ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಗಿರಾಕಿ ನಮಗೆ ಹೇಳುವ ಮೊದಲು ಅವರಿಗೆ ಹೇಳಿದ್ದರು. ಅದು ಸಹಜವೇ. ಅವರಿಗೆ ಪರಿಚಯ ಅಕ್ಕೋರದು, ನಮ್ಮದಲ್ಲ. ನಂಬಿ ಬಂದದ್ದು ಯಾರನ್ನೋ ಅವರ ಹತ್ತಿರವೇ ದೂರು ಹೋಗುತ್ತದೆ. ಆದರೆ ಕೌದಿ ಕೊಟ್ಟ ದಿನವೇ ಎರಡು ಸಾಲು ಕಳಿಸಿದ್ದರೆ ಅಕ್ಕೋರು ಆ ದೂರಿನ ಎದುರು ಬರಿಗೈಯಲ್ಲಿ ನಿಲ್ಲುತ್ತಿರಲಿಲ್ಲ. ಕೊಟ್ಟದ್ದು ಯಾವಾಗ, ಮೊದಲ ಸಲ ಹೇಗೆ ಒಗೆಯಲು ಹೇಳಿದ್ದೆವು, ಬಾಕಿ ಎಷ್ಟಿದೆ ಎಂದು ತಿಳಿದಿರುತ್ತಿತ್ತು. ಅವರ ಬೇಸರ ಹರಿದ ಬಣ್ಣಕ್ಕಲ್ಲ. ತಮ್ಮ ಹೆಸರಿನಲ್ಲಿ ನಡೆದ ವ್ಯವಹಾರ ತಮಗೆ ಮೂರನೆಯವರಿಂದ ತಿಳಿಯಿತಲ್ಲ ಎಂಬುದಕ್ಕೆ.

ಅವ್ವ ಮೊದಲು ಮಾಡಿದ್ದು ಗಿರಾಕಿಗೆ ಫೋನು. ಕೌದಿಯನ್ನು ಬಸ್ಸಿಗೆ ಹಾಕಿಸಿಕೊಂಡು ತರಿಸಿದಳು. ಸೆರಗಿನ ಆರು ತುಂಡುಗಳ ಅಕ್ಕಪಕ್ಕ ಬಿಳಿಯ ಹೊಲ ಗುಲಾಬಿಯಾಗಿತ್ತು. ಹೊಲಿಗೆ ಬಿಚ್ಚಿ, ಆ ಆರನ್ನೂ ಕಿತ್ತು, ಕಲೆ ಹತ್ತಿದ ಕಡೆ ಅದೇ ಗಂಟಿನಲ್ಲಿ ಉಳಿದಿದ್ದ ತುಂಡು ಹಾಕಿ ಮತ್ತೆ ಹೊಲಿದಳು. ನಾಲ್ಕು ದಿನ. ಬಾಕಿ ಐನೂರನ್ನು ಬೇಡ ಎಂದಳು, ಗಿರಾಕಿ ಕೊಟ್ಟೇ ಕೊಟ್ಟರು. ಕಿತ್ತ ಸೆರಗಿನ ತುಂಡುಗಳನ್ನು ಬೇರೆ ಪೊಟ್ಟಣ ಕಟ್ಟಿ ಜೊತೆಗೇ ಕಳಿಸಿದಳು.

ಈಗ ಅಕ್ಕೋರಿಗೆ ಬರೆಯಬೇಕಿತ್ತು. ನಾನು ಪಿಎಚ್.ಡಿ. ವಿದ್ಯಾರ್ಥಿನಿ. ಕೃತಜ್ಞತೆ ಬರೆಯುವುದು ನಮಗೆ ಗೊತ್ತಿರುವ ಪ್ರಕಾರ. ಮಹಾಪ್ರಬಂಧದ ಮೊದಲ ಪುಟಗಳಲ್ಲಿ ಗ್ರಂಥಪಾಲಕರಿಂದ ಹಾಸ್ಟೆಲ್ಲಿನ ಅಡುಗೆಯವರ ತನಕ ಎಲ್ಲರಿಗೂ ಋಣಿ ಎನ್ನುತ್ತೇವೆ, ಅವರಿಂದ ಏನಾಯಿತು ಎಂದು ಯಾರಿಗೂ ಹೇಳುವುದಿಲ್ಲ. ನನ್ನ ಮೊದಲ ಕರಡೂ ಹಾಗೇ ಇತ್ತು: "ತಮ್ಮ ಸದಾಶಯದ ಶಿಫಾರಸಿನ ಫಲವಾಗಿ..." ಅವ್ವ ಕೇಳಿಸಿಕೊಂಡು, "ಇದೇನವಾ, ಬ್ಯಾಂಕಿನ ನೋಟಿಸು ಬಂದಂಗ ಆತು" ಎಂದಳು.

ಎರಡನೆಯ ಕರಡು ನನಗೆ ತುಂಬ ಮೆಚ್ಚಿಗೆಯಾಗಿತ್ತು. ಆ ಸೀರೆಗಳು ಯಾರವು, ಗಿರಾಕಿ ಅವನ್ನು ಕೌದಿ ಮಾಡಿಸಿದ್ದು ಯಾಕೆ ಎಂಬುದನ್ನು ಅದರಲ್ಲಿ ಬರೆದಿದ್ದೆ. ಮೊದಲ ದಿನ ಕಟ್ಟೆಯ ಮೇಲೆ ಕೂತು ಆ ಹೆಂಗಸು ಅವ್ವನಿಗೆ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿದ್ದೆ. ಅವ್ವ ಅಲ್ಲಿಗೆ ಬರುತ್ತಿದ್ದಂತೆ ಕೈ ಅಡ್ಡ ಹಿಡಿದಳು. "ಅದನ್ನ ತಗಿ. ಅದು ಆಕಿ ಮಾತು. ಅಕ್ಕೋರಿಗೆ ಹೇಳೂದಿದ್ರ ಆಕೀನ ಹೇಳ್ತಾಳ." ಅಕ್ಕೋರು ಆಕೆಯನ್ನು ಕಳಿಸಿದವರು ನಿಜ, ಹಾಗಂತ ಆಕೆಯ ಮನೆಯ ಸಂಗತಿಗೆಲ್ಲ ಹಕ್ಕುದಾರರಲ್ಲ. ಕೌದಿಯ ಫೋಟೋ ಕಳಿಸಲಿಕ್ಕೂ ಗಿರಾಕಿಯನ್ನು ಕೇಳಿದೆವು. ಅವರು ಒಂದು ಮೂಲೆಯದಷ್ಟೇ ಕಳಿಸಿ ಎಂದರು, ಅಷ್ಟೇ ಕಳಿಸಿದೆವು. ಆ ಸಂಗತಿಯನ್ನು ನಾನು ಇಲ್ಲಿಯೂ ಬರೆಯುತ್ತಿಲ್ಲ.

ಕೊನೆಗೆ ಹೋದ ಪತ್ರ ಹೀಗಿತ್ತು:

"ಅಕ್ಕೋರಿಗೆ ನಮಸ್ಕಾರ. ನೀವು ಕಳಿಸಿದವರಿಗೆ ಸಂಕ್ರಾಂತಿಗೆ ಎರಡು ದಿನ ಮುಂಚೆ ಕೌದಿ ಕೊಟ್ಟೆವು. ಅವತ್ತೇ ನಿಮಗೆ ತಿಳಿಸಬೇಕಿತ್ತು, ತಿಳಿಸದೇ ಇದ್ದದ್ದು ನನ್ನ ತಪ್ಪು, ಅವ್ವನದಲ್ಲ. ಸೆರಗಿನ ಬಣ್ಣವನ್ನು ನಾನು ಪರೀಕ್ಷೆ ಮಾಡಿರಲಿಲ್ಲ, ಅದರಿಂದ ಕೆಂಪು ಹರಿಯಿತು. ಆ ತುಂಡುಗಳನ್ನು ತೆಗೆದು ಬೇರೆ ಹಾಕಿ, ನಾವೇ ಎರಡು ಸಲ ಒಗೆದು ನೋಡಿ, ನಿನ್ನೆ ಮತ್ತೆ ಕಳಿಸಿದ್ದೇವೆ. ಮುಟ್ಟಿದೆ, ಸರಿಯಾಗಿದೆ ಎಂದಿದ್ದಾರೆ. ಹಣ ಪೂರ್ತಿ ಬಂದಿದೆ. ನೀವು ಹೆಸರು ಹೇಳಿದ್ದಕ್ಕೆ ಅವ್ವನಿಗೆ ಚಳಿಗಾಲದ ಕೆಲಸ ಸಿಕ್ಕಿತು."

ಕೊನೆಯ ವಾಕ್ಯ ಅವ್ವ ಬರೆಸಿದ್ದು. ಧನ್ಯವಾದ ಎಂಬ ಪದ ಅವಳ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಮುಂದೆಯೂ ಯಾರನ್ನಾದರೂ ಕಳಿಸಿ ಎಂದು ಸೇರಿಸಲೇ ಎಂದೆ. ಬೇಡ ಎಂದಳು. ತಪ್ಪು ಒಪ್ಪಿಕೊಳ್ಳುವ ಕಾಗದದಲ್ಲಿ ಇನ್ನೊಂದು ಬೇಡುವುದು ಚೆಂದವಲ್ಲವಂತೆ.

ಏನಾದರೂ ಕೊಡಬೇಕಲ್ಲ ಎಂಬ ಮಾತೂ ಬಂತು. ಪಕ್ಕದ ಮನೆಯವರು ಕೌದಿಗೆ ಇನ್ನೂರರಂತೆ ಅಕ್ಕೋರಿಗೆ ಕೊಡ್ರಿ ಎಂದು ಸಲಹೆ ಕೊಟ್ಟರು. ಹುಲಿಗಿ ಜಾತ್ರೆಗೆ ಬಂದವರನ್ನು ಕರೆತರುವ ಆಟೋದವನಿಗೆ ಅವ್ವ ದುಡ್ಡು ಕೊಡುತ್ತಾಳೆ, ಅವನೂ ಕೇಳಿ ಪಡೆಯುತ್ತಾನೆ, ಬಂದವರಿಗೂ ಅದು ಗೊತ್ತಿರುತ್ತದೆ. ಅಕ್ಕೋರ ಕೈಗೆ ದುಡ್ಡಿಟ್ಟರೆ ಅವರ ಮಾತು ದಲ್ಲಾಳಿಯ ಮಾತಾಗುತ್ತದೆ. ಕೌದಿ ಚಲೋ ಹೊಲೀತಾರೆ ಎಂದು ಇನ್ನೊಬ್ಬರಿಗೆ ಹೇಳುವಾಗ ಅವರಿಗೇ ಮುಜುಗರ. ಉಳಿದ ಚೂರುಗಳಲ್ಲಿ ಅವರ ಮೊಮ್ಮಗನಿಗೊಂದು ಪುಟ್ಟ ಕೌದಿ ಹೊಲಿದರೆ ಹೇಗೆ ಎಂದು ನಾನು ಕೇಳಿದೆ. ಚೂರು ಕೂಡ ಗಿರಾಕಿಯದೇ ಎಂದು ಅವ್ವ ನೆನಪಿಸಿದಳು. ಕಡೆಗೆ ಕೊಪ್ಪಳದಿಂದ ಹೊರಟವರೊಬ್ಬರ ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಹೋಯಿತು.

ಅಕ್ಕೋರು ನನ್ನ ಪತ್ರಕ್ಕೆ ಮೂರು ದಿನ ಉತ್ತರಿಸಲಿಲ್ಲ. ನಾಲ್ಕನೆಯ ದಿನ ಬಂದ ಮೆಸೇಜಿನಲ್ಲಿ ಕ್ಷಮಿಸಿದೆ ಎಂದೇನೂ ಇರಲಿಲ್ಲ. "ಡಬ್ಬಿ ಮುಟ್ಟಿತು. ಖಾರ ಜಾಸ್ತಿ. ಸೆರಗನ್ನು ಬೇರೆ ಉಜ್ಜಿ ನೋಡಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೋ" ಎಂದಿತ್ತು. ಬರೆದುಕೊಂಡೆ. ಅದೇ ನೋಟ್‌ಬುಕ್ಕಿನಲ್ಲಿ ಈಗ ಪ್ರತಿ ಗಿರಾಕಿಯ ಎದುರು ಇನ್ನೊಂದು ಅಂಕಣ ಹಾಕಿದ್ದೇನೆ, ಯಾರು ಹೇಳಿ ಬಂದರು ಎಂದು. ಅದರ ಪಕ್ಕದಲ್ಲಿ ಎರಡು ತಾರೀಖುಗಳಿಗೆ ಜಾಗ.

ಯುಗಾದಿಯ ಹಿಂದೆ ಮುಂದೆ ಹುಬ್ಬಳ್ಳಿಯಿಂದ ಒಬ್ಬರು ಫೋನು ಮಾಡಿ ಕೌದಿ ವಿಚಾರಿಸಿದರು. ಯಾರು ಹೇಳಿದರು ಎಂದು ಅವ್ವ ಕೇಳಿದಳು. ಅಕ್ಕೋರ ಹೆಸರು ಬರಲಿಲ್ಲ. ಬಂದದ್ದು ಕೆಂಪು ಹರಿದ ಕೌದಿಯ ಹೆಂಗಸಿನ ಹೆಸರು. ಅವತ್ತು ಸಂಜೆ ನಾನು ಎರಡು ಫೋನು ಮಾಡಿದೆ, ಮೊದಲು ಆಕೆಗೆ, ಆಮೇಲೆ ಧಾರವಾಡಕ್ಕೆ.