ಬೀಗರೆದುರು ಕ್ವಿಜ್: ಕೆಲವು ಟಿಪ್ಪಣಿಗಳು

1
ಗೋರೆಗಾಂವ್ ಪೂರ್ವದ ಒಂದು ಹಾಲ್. ಹುಡುಗನ ಮನೆಯವರು ಉಡುಪಿ ಕಡೆಯವರು, ಹುಡುಗಿಯ ಮನೆಯವರು ಮರಾಠಿಗರು. ರಿಸೆಪ್ಶನ್‌ಗೆ ಆರ್ಕೆಸ್ಟ್ರಾ ಇಲ್ಲ. ಮದುಮಕ್ಕಳ ಬಗ್ಗೆಯೇ ಕ್ವಿಜ್.

2
ಪ್ರಶ್ನೆ ಬರೆದವಳು ಹುಡುಗನ ಚಿಕ್ಕಪ್ಪನ ಮಗಳು. ಒಂದೇ ಪಟ್ಟಿಯನ್ನು ಇಬ್ಬರಿಗೂ ಮೊದಲೇ ಕೊಟ್ಟು, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಉತ್ತರ ಬರೆಸಿಕೊಂಡಿದ್ದಳು. ಉತ್ತರ ತಾಳೆಯಾಗದ ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡಿದ್ದಳು. ‘ಮೊದಲು ಮಾತಾಡಿಸಿದ್ದು ಯಾರು?’ ಇಬ್ಬರೂ ‘ನಾನಲ್ಲ’ ಎಂದು ಬರೆದಿದ್ದರು.

3
ಅವಳು ಹೊಡೆದುಹಾಕಿದ ಪ್ರಶ್ನೆಗಳು: ಸಂಬಳ, ಹಳೆಯ ಸ್ನೇಹಗಳು, ಮಕ್ಕಳು ಯಾವಾಗ.

4
ಪ್ರತಿ ಕುರ್ಚಿಯ ಮೇಲೆ ಒಂದು ರಟ್ಟಿನ ಕಾರ್ಡು. ಹಸಿರು ಬದಿ ಎಂದರೆ ಹುಡುಗ, ಕೆಂಪು ಎಂದರೆ ಹುಡುಗಿ. ಫೋನಿನಲ್ಲಿ ಉತ್ತರ ಒತ್ತಿಸೋಣ ಎಂದು ಯಾರೋ ಹೇಳಿದ್ದರಂತೆ. ಅಜ್ಜಿಯರು ಆಟದಿಂದ ಹೊರಗುಳಿಯುತ್ತಾರೆಂದು ಅವಳು ಒಪ್ಪಲಿಲ್ಲ.

5
ಪ್ರಶ್ನೆ ಹಿಂದಿಯಲ್ಲಿ, ಆಮೇಲೆ ಮರಾಠಿಯಲ್ಲಿ, ಆಮೇಲೆ ತುಳುವಿನಲ್ಲಿ. ಮೂರನೆಯ ಸಲ ಓದುವಷ್ಟರಲ್ಲಿ ಮಕ್ಕಳು ಉತ್ತರ ಕೂಗಿಬಿಡುತ್ತಿದ್ದರು.

6
ಕಾಲೇಜಿನ ಕ್ಯಾಂಟೀನಿನ ಬಗ್ಗೆ ಒಂದು ಪ್ರಶ್ನೆ. ಗೆಳೆಯರ ಸಾಲು ಮಾತ್ರ ನಕ್ಕಿತು. ಉಳಿದವರ ಕಣ್ಣು ಊಟದ ಕೌಂಟರಿನತ್ತ ಹೋಯಿತು. ಕೈಯಲ್ಲಿದ್ದ ಹಾಳೆಯಿಂದ ಅಂಥವೇ ಇನ್ನೆರಡನ್ನು ಅವಳು ಅಲ್ಲೇ ಬಿಟ್ಟಳು.

7
‘ಹುಡುಗನ ಅಜ್ಜ ಗೋರೆಗಾಂವಿಗೆ ಬಂದದ್ದು ಫಿಲ್ಮ್ ಸಿಟಿ ಶುರುವಾಗುವ ಮೊದಲೋ, ಆಮೇಲೋ?’ ಫಿಲ್ಮ್ ಸಿಟಿ ಶುರುವಾದದ್ದು 1977ರಲ್ಲಿ. ಹುಡುಗನ ಕಡೆಯ ಕಿರಿಯರಿಗೆ ಗೊತ್ತಿರಲಿಲ್ಲ. ಹುಡುಗಿಯ ದೊಡ್ಡಪ್ಪ ಎದ್ದು ನಿಂತು ‘ಮೊದಲು’ ಎಂದರು. ಸ್ಟೇಷನ್ ಬಳಿ ಆ ಅಜ್ಜನ ಹೋಟೆಲಿನಲ್ಲಿ ಅವರು ಚಹಾ ಕುಡಿದಿದ್ದರು. ಮದುವೆ ಮಾತುಕತೆಯಲ್ಲಿ ಈ ವಿಷಯ ಬಂದೇ ಇರಲಿಲ್ಲ. ಮುಂದಿನ ಪ್ರಶ್ನೆಗೆ ಹತ್ತು ನಿಮಿಷ ತಡವಾಯಿತು.

8
‘ಇವರಿಬ್ಬರ ಪರಿಚಯವಾದಾಗ ರಾಮಮಂದಿರ ಸ್ಟೇಷನ್ ಇತ್ತೇ?’ ಗೋರೆಗಾಂವ್, ಜೋಗೇಶ್ವರಿ ನಡುವಿನ ಆ ಸ್ಟೇಷನ್ ತೆರೆದದ್ದು 2016ರ ಡಿಸೆಂಬರಿನಲ್ಲಿ. ಎರಡೂ ಕಡೆಯವರು ಬೆರಳು ಮಡಿಚಿ ವರ್ಷ ಎಣಿಸಿದರು. ಮದುಮಗನೂ ಎಣಿಸಿದ.

9
ನಡುವೆ ಮರಾಠಿ ಹೆಂಗಸರು ಉಖಾಣೆ ಹೇಳಿಸಿದರು. ಹುಡುಗಿ ಗಂಡನ ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳಿದಳು. ಧಾರವಾಡದ ಕಡೆಯ ಒಬ್ಬ ನೆರೆಮನೆಯವರು ತಾವಾಗಿಯೇ ಮೈಕ್ ಕೇಳಿ ಒಡಪು ಹೇಳಿದರು. ಉಡುಪಿಯ ಅತ್ತೆಯಂದಿರು ಇನ್ನೊಮ್ಮೆ ಹೇಳಿಸಿದರು. ಇದು ಪಟ್ಟಿಯಲ್ಲಿರಲಿಲ್ಲ. ಗಟ್ಟಿ ಚಪ್ಪಾಳೆ ಬಿದ್ದದ್ದು ಇದಕ್ಕೇ.

10
ಅಂಕ ಬರೆಯುತ್ತಿದ್ದ ಹುಡುಗ ಆ ಹೊತ್ತಿಗೆ ಬರೆಯುವುದನ್ನು ನಿಲ್ಲಿಸಿದ್ದ. ಯಾರೂ ಕೇಳಲಿಲ್ಲ.

11
ಕೊನೆಯ ಪ್ರಶ್ನೆ: ಹುಡುಗಿಗೆ ಇಷ್ಟದ ತಿಂಡಿ. ಅವಳ ತಾಯಿ ಥಾಲಿಪೀಠ ಎಂದರು. ಚೀಟಿಯಲ್ಲಿದ್ದುದು ನೀರುದೋಸೆ. ಹುಡುಗನ ತಾಯಿ ಕೂತಲ್ಲಿಂದಲೇ ಕೇಳಿದರು: ‘ಚಟ್ನಿಯೋ, ಕಾಯಿಬೆಲ್ಲವೋ?’