ಅಳುವ ಗುಮಾಸ್ತೆಯ ಎದುರಿನಲ್ಲಿ

ಮಡಂತ್ಯಾರಿನ ಒಂದು ಸಹಕಾರ ಸಂಘದಲ್ಲಿ ನಾನು ವ್ಯವಸ್ಥಾಪಕನಾಗಿದ್ದಾಗ, ನಗದು ಲೆಕ್ಕದ ತಪ್ಪುಗಳನ್ನು ತೋರಿಸಲೆಂದು ಕೋಣೆಗೆ ಕರೆದ ಗುಮಾಸ್ತೆಯೊಬ್ಬಳು ಎರಡನೆಯ ಮಾತಿಗೇ ಬಿಕ್ಕಿ ಅತ್ತಳು. ಪುಸ್ತಕವನ್ನು ಮುಚ್ಚಿ, ನೀರಿನ ಲೋಟವನ್ನು ಆಕೆಯತ್ತ ಸರಿಸಿ ಸುಮ್ಮನೆ ಕುಳಿತೆ. ‘ಅಳಬೇಡಿ’ ಎಂದರೆ ಅಳು ನಿಲ್ಲುವುದಿಲ್ಲ. ಅತ್ತೆನೆಂಬ ನಾಚಿಕೆಯೊಂದು ಹೆಚ್ಚುತ್ತದೆ, ಅಷ್ಟೆ. ಕಾರಣವನ್ನು ನಾವೇ ಊಹಿಸಿ ಹೇಳುವುದು ಅದಕ್ಕಿಂತಲೂ ಕೆಟ್ಟದ್ದು.

ಉಸಿರು ಹದಕ್ಕೆ ಬಂದ ಮೇಲೆ, “ಈಗಲೇ ನೋಡೋಣವೆ, ನಾಳೆ ಹತ್ತು ಗಂಟೆಗೆ ಕುಳಿತುಕೊಳ್ಳೋಣವೆ? ನೀವೇ ಹೇಳಿ” ಎಂದೆ.

“ನಾಳೆ, ಸಾರ್.”

ಕೆಂಪು ಕಣ್ಣುಗಳಿಂದ ಗಿರಾಕಿಗಳ ಎದುರು ನಿಲ್ಲುವುದು ಬೇಡವೆಂದು ಕೋಣೆಯನ್ನು ಆಕೆಗೇ ಬಿಟ್ಟು ಹೊರಗೆ ಬಂದೆ.

ಮರುದಿನ ತಪ್ಪುಗಳನ್ನು ಒಂದೊಂದಾಗಿ ನೋಡಿದೆವು. ಕಣ್ಣೀರಿಗೆ ಕರಗಿ ಕೈಬಿಟ್ಟಿದ್ದರೆ ಅವು ಮುಂದಿನ ತಿಂಗಳೂ ಬರುತ್ತಿದ್ದುವು. ತಾಯಿಯ ಕಾಯಿಲೆಯಿಂದ ರಾತ್ರಿ ನಿದ್ದೆಯಿಲ್ಲವೆಂದು ತಾನಾಗಿಯೇ ಹೇಳಿದಳು. ಸಂಜೆಯ ನಗದು ಎಣಿಕೆಯನ್ನು ಒಂದು ತಿಂಗಳು ಬೇರೊಬ್ಬರಿಗೆ ವಹಿಸಿದೆ. ಕಡತದ ಟಿಪ್ಪಣಿಯಲ್ಲಿ ತಪ್ಪುಗಳನ್ನು ಬರೆದೆ, ಅಳುವನ್ನು ಬರೆಯಲಿಲ್ಲ.