ಹತ್ತುವ ಮುನ್ನ ನಂಬರ್ ಪ್ಲೇಟ್ ನೋಡಿ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ನಗರದ ನಡುಭಾಗಕ್ಕೆ ಸುಮಾರು 35 ಕಿಲೋಮೀಟರ್. ಈ ದೂರವೇ ದಲ್ಲಾಳಿಗಳ ಬಂಡವಾಳ. ರಾತ್ರಿ ಬಂದಿಳಿದ ವಿದ್ಯಾರ್ಥಿಯೊಬ್ಬನಿಗೆ ಅಪರಿಚಿತನೊಬ್ಬ, ‘ಬಸ್ಸು ಮುಗಿಯಿತು, ನೀವು ಬುಕ್ ಮಾಡಿದ ಟ್ಯಾಕ್ಸಿ ಬರುವುದಿಲ್ಲ’ ಎಂದು ಹೇಳಿ, ಸೂಟ್‌ಕೇಸ್ ಹಿಡಿದು ಪಾರ್ಕಿಂಗ್ ಕಡೆ ನಡೆದೇ ಬಿಡುತ್ತಾನೆ ಎನ್ನಿ. ಆಗ ವಿದ್ಯಾರ್ಥಿ ಮಾಡಬೇಕಾದದ್ದು, ಸೂಟ್‌ಕೇಸ್ ಹಿಂದಕ್ಕೆ ಪಡೆದು ಕಾರಿನ ನಂಬರ್ ಪ್ಲೇಟ್ ನೋಡುವುದು.

ಬಿಳಿಯ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಖಾಸಗಿ ಕಾರು; ಬಾಡಿಗೆಗೆ ಓಡಿಸುವಂತಿಲ್ಲ. ಅದರ ವಿಮೆಯೂ ಬಾಡಿಗೆ ಓಡಾಟಕ್ಕೆ ಅನ್ವಯಿಸದು. ಹಾಗಾಗಿ ಅಪಘಾತವಾದರೆ ಪರಿಹಾರಕ್ಕೆ ತೊಡಕು. ಟ್ಯಾಕ್ಸಿಯದು ಹಳದಿಯ ಮೇಲೆ ಕಪ್ಪು. ವಿದ್ಯುತ್ ಟ್ಯಾಕ್ಸಿಯದು ಹಸಿರಿನ ಮೇಲೆ ಹಳದಿ ಅಕ್ಷರ.

ಆದರೆ ಹಳದಿ ಪ್ಲೇಟ್ ನ್ಯಾಯವಾದ ಬಾಡಿಗೆಗೆ ಖಾತರಿಯಲ್ಲ. ಆದ್ದರಿಂದ ನಿಲ್ದಾಣದ ಅಧಿಕೃತ ಟ್ಯಾಕ್ಸಿ ಸಾಲಿನಲ್ಲೇ ಹತ್ತಬೇಕು. ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ, ಫೋನಿನಲ್ಲಿ ಕಾಣುವ ಸಂಖ್ಯೆಯೂ ಕಾರಿನ ಸಂಖ್ಯೆಯೂ ಒಂದೇ ಆಗಿರಬೇಕು. ಓಟಿಪಿಯನ್ನು ಕಾರಿನಲ್ಲಿ ಕುಳಿತ ಮೇಲಷ್ಟೇ ಹೇಳಬೇಕು. ‘ಬುಕಿಂಗ್ ರದ್ದು ಮಾಡಿ, ನೇರವಾಗಿ ಹಣ ಕೊಡಿ’ ಎಂದರೆ ಒಪ್ಪಬಾರದು; ರದ್ದಾದರೆ ಆ ಪ್ರಯಾಣದ ದಾಖಲೆ ಎಲ್ಲಿಯೂ ಉಳಿಯುವುದಿಲ್ಲ.

ಬಸ್ಸು ಇದೆಯೋ ಇಲ್ಲವೋ ಎಂಬುದನ್ನು ಬಿಎಂಟಿಸಿಯ ವಾಯುವಜ್ರ ಬಸ್ಸುಗಳು ನಿಲ್ಲುವಲ್ಲಿಯೇ ಹೋಗಿ ವಿಚಾರಿಸಬೇಕು. ಟ್ಯಾಕ್ಸಿ ಹತ್ತಿದವರು ಅದರ ಸಂಖ್ಯೆಯನ್ನು ಹೊರಡುವ ಮುನ್ನವೇ ಮನೆಗೆ ತಿಳಿಸಿಬಿಡಲಿ.